ಕಾಫಿಗೆ ಹಾಲು: ಆಯ್ಕೆ ಮತ್ತು ಒಡೆಯುವಿಕೆ

ಕಾಫಿಗೆ ಬೆರೆಸುವ ಹಾಲು ಯಾವುದೇ ಇರಲಿ, ಹಸುವಿನದೋ ಎಮ್ಮೆಯದೋ, ಸೋಯಾ, ಓಟ್ಸ್, ಬಾದಾಮಿ, ತೆಂಗಿನಕಾಯಿಗಳಿಂದ ತೆಗೆದದ್ದೋ, ಅದು ಕೊಬ್ಬು ಮತ್ತು ಪ್ರೋಟೀನಿನ ಸೂಕ್ಷ್ಮ ಕಣಗಳು ನೀರಿನಲ್ಲಿ ಹರಡಿಕೊಂಡಿರುವ ದ್ರವ. ಕಣಗಳು ಬಿಡಿಬಿಡಿಯಾಗಿ ಇರುವವರೆಗೆ ಕಾಫಿ ನಯವಾಗಿರುತ್ತದೆ, ಬಣ್ಣ ಒಂದೇ ಸಮ ಇರುತ್ತದೆ. ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿ ಗಂಟಾದಾಗ ಲೋಟದಲ್ಲಿ ಬಿಳಿ ಚೂರುಗಳು ಮೇಲೇಳುತ್ತವೆ, ಅಡಿಯಲ್ಲಿ ಕಂದು ನೀರು ತಿಳಿಯಾಗಿ ಬೇರ್ಪಡುತ್ತದೆ. ಹಾಲು ಒಡೆಯಿತು ಎಂದು ಹೇಳುವುದು ಇದಕ್ಕೆ. ಒಡೆದ ಕೂಡಲೇ ಹಾಲು ಕೆಟ್ಟಿತ್ತು ಎಂದು ಚೆಲ್ಲುವುದು ರೂಢಿ. ಹಸುವಿನ ಹಾಲಿನ ವಿಷಯದಲ್ಲಿ ಈ ತೀರ್ಮಾನ ಬಹುಮಟ್ಟಿಗೆ ಸರಿ. ಸಸ್ಯಮೂಲದ ಹಾಲುಗಳಲ್ಲಿ ಹಾಗಲ್ಲ: ಆಗಷ್ಟೇ ಕತ್ತರಿಸಿದ ಪೊಟ್ಟಣದ ಸೋಯಾ ಹಾಲೂ ಬಿಸಿ ಕಾಫಿಯಲ್ಲಿ ಕ್ಷಣದಲ್ಲಿ ಒಡೆಯಬಹುದು. ಯಾವ ಹಾಲು ಎಂಬುದರಷ್ಟೇ, ಎಷ್ಟು ಕಾಫಿಗೆ ಎಷ್ಟು ಹಾಲು, ಯಾವ ಬಿಸಿಯಲ್ಲಿ, ಯಾವುದನ್ನು ಯಾವುದರ ಮೇಲೆ ಸುರಿಯಲಾಯಿತು ಎಂಬುದೂ ಫಲವನ್ನು ನಿರ್ಧರಿಸುತ್ತದೆ.

ಹುಳಿ ಮತ್ತು ಬಿಸಿ

ಕಾಫಿ ಕಹಿ ಪಾನೀಯವೆಂದೇ ಹೆಸರಾದರೂ ರಾಸಾಯನಿಕವಾಗಿ ಅದು ಹುಳಿ. ಕ್ಲೋರೋಜೆನಿಕ್, ಸಿಟ್ರಿಕ್, ಮ್ಯಾಲಿಕ್, ಕ್ವಿನಿಕ್ ಮೊದಲಾದ ಆಮ್ಲಗಳು ಅದರಲ್ಲಿವೆ. ಆಮ್ಲೀಯತೆಯ ಅಳತೆಯಾದ ಪಿಎಚ್ ಮಾಪನದಲ್ಲಿ ಶುದ್ಧ ನೀರು 7ರಲ್ಲಿ ನಿಲ್ಲುತ್ತದೆ. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು, ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು. ಹಾಲು ಹಾಕದ ಕಾಫಿ ಸಾಮಾನ್ಯವಾಗಿ 5ರ ಆಸುಪಾಸಿನಲ್ಲಿರುತ್ತದೆ. ತಾಜಾ ಹಸುವಿನ ಹಾಲು 6.6ರಿಂದ 6.8. ಕಾಫಿ ಬೆರೆತಾಗ ಹಾಲಿನ ಪಿಎಚ್ ಕೆಳಗಿಳಿಯುತ್ತದೆ. ಅದು ಎಲ್ಲಿಯವರೆಗೆ ಇಳಿದು ನಿಲ್ಲುತ್ತದೆ ಎಂಬುದೇ ಮುಖ್ಯ.

ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 80 ಪಾಲು ಕೇಸೀನ್. ಅದು ಕ್ಯಾಲ್ಸಿಯಂ ಫಾಸ್ಫೇಟಿನ ಜೊತೆ ಸೇರಿ ಕಣ್ಣಿಗೆ ಕಾಣದ ಉಂಡೆಗಳಾಗಿರುತ್ತದೆ. ಇವಕ್ಕೆ ಮಿಸೆಲ್ ಎಂದು ಹೆಸರು. ಪ್ರತಿ ಉಂಡೆಯ ಹೊರಮೈಯಲ್ಲಿ ಕಪ್ಪಾ ಕೇಸೀನ್ ಎಂಬ ಪ್ರೋಟೀನಿನ ಎಳೆಗಳು ಕೂದಲಿನಂತೆ ಚಾಚಿಕೊಂಡು ಋಣ ವಿದ್ಯುದಂಶ ಹೊತ್ತಿರುತ್ತವೆ. ಹೀಗಾಗಿ ಉಂಡೆಗಳು ಒಂದನ್ನೊಂದು ದೂರ ತಳ್ಳುತ್ತವೆ, ಹಾಲು ಹಾಲಾಗಿಯೇ ಉಳಿಯುತ್ತದೆ. ಆಮ್ಲ ಸೇರಿದಂತೆ ಈ ವಿದ್ಯುದಂಶ ಕುಗ್ಗುತ್ತದೆ. ಪಿಎಚ್ 4.6ಕ್ಕೆ ಬಂದಾಗ ಅದು ಪೂರ್ತಿ ಇಲ್ಲವಾಗಿ, ತಣ್ಣಗಿನ ಕೋಣೆಯಲ್ಲಿ ಇಟ್ಟ ಹಾಲು ಕೂಡ ಹೆಪ್ಪಾಗುತ್ತದೆ. ಮೊಸರು ಆಗುವುದು ಹಾಗೆಯೇ. ಬಿಸಿ ಇದ್ದಲ್ಲಿ ಅಷ್ಟು ಕೆಳಗಿಳಿಯಬೇಕಾಗಿಲ್ಲ. ಕಣಗಳ ಓಡಾಟ ಜೋರಾಗಿ ಡಿಕ್ಕಿಗಳು ಹೆಚ್ಚುತ್ತವೆ, ಅಂಟುವುದೂ ಸುಲಭವಾಗುತ್ತದೆ. ಫ್ರಿಜ್ಜಿನಿಂದ ತೆಗೆದಾಗ ಚೆನ್ನಾಗಿಯೇ ಕಂಡ, ಸ್ವಲ್ಪವೇ ಹುಳಿಗಿದ್ದ ಹಾಲು ಒಲೆಯ ಮೇಲೆ ಕುದಿ ಬರುವ ಹೊತ್ತಿಗೆ ಒಡೆಯುವುದು ಇದರಿಂದ. ಹಾಲಿನ ಡೇರಿಗಳಲ್ಲಿ ಹಾಲನ್ನು ಸ್ವೀಕರಿಸುವ ಮುನ್ನ ಸ್ವಲ್ಪ ಹಾಲನ್ನು ಪ್ರನಾಳದಲ್ಲಿ ಹಾಕಿ ಕಾಯಿಸಿ ನೋಡುವ ಹಳೆಯ ಪರೀಕ್ಷೆಯ ಆಧಾರವೂ ಇದೇ. ಆಗಷ್ಟೇ ಕರು ಹಾಕಿದ ಹಸುವಿನ ಗಿಣ್ಣುಹಾಲು ಮಾತ್ರ ಬೇರೆ ಬಗೆ. ಅದು ಹುಳಿಯ ನೆರವಿಲ್ಲದೆ ಬರೀ ಬಿಸಿಗೇ ಗಟ್ಟಿಯಾಗುತ್ತದೆ, ಏಕೆಂದರೆ ಶಾಖಕ್ಕೆ ಹೆಪ್ಪುಗಟ್ಟುವ ರೋಗನಿರೋಧಕ ಪ್ರೋಟೀನುಗಳು ಅದರಲ್ಲಿ ಹೇರಳ.

ತಾಜಾ ಹಾಲು ಕಾಫಿಯ ಹುಳಿಯನ್ನು ತಡೆದುಕೊಳ್ಳುವುದು ತನ್ನಲ್ಲಿರುವ ಪ್ರೋಟೀನು, ಫಾಸ್ಫೇಟು, ಸಿಟ್ರೇಟುಗಳ ಬಲದಿಂದ. ಇವು ಬಂದ ಆಮ್ಲವನ್ನು ಹೀರಿ ಪಿಎಚ್ ಬೇಗ ಇಳಿಯದಂತೆ ನೋಡಿಕೊಳ್ಳುತ್ತವೆ. ಕೊಬ್ಬಿಗೆ ಈ ಕೆಲಸದಲ್ಲಿ ಪಾಲಿಲ್ಲ. ತೆಳು ಹಾಲು ಬೇಗ ಒಡೆಯುತ್ತದೆ, ಗಟ್ಟಿ ಹಾಲು ಒಡೆಯುವುದಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ಸರಿ ಎನ್ನುವುದು ಅದಕ್ಕೇ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಅಳತೆಯಂತೆ ಟೋನ್ಡ್ ಹಾಲಿನಲ್ಲಿ ಕನಿಷ್ಠ ಶೇ. 3 ಕೊಬ್ಬು, ಶೇ. 8.5 ಕೊಬ್ಬೇತರ ಘನಾಂಶ ಇರಬೇಕು. ಡಬಲ್ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 1.5 ಆದರೂ ಕೊಬ್ಬೇತರ ಘನಾಂಶ ಶೇ. 9. ಅಂದರೆ ಹುಳಿ ತಡೆಯುವ ಸರಕು ಡಬಲ್ ಟೋನ್ಡ್‌ನಲ್ಲಿ ತುಸು ಹೆಚ್ಚೇ. ಶೇ. 6 ಕೊಬ್ಬಿನ ಫುಲ್ ಕ್ರೀಮ್ ಹಾಲು ಅಥವಾ ಎಮ್ಮೆಯ ಹಾಲು ಕಾಫಿಗೆ ಕೊಡುವುದು ಮೈ ಮತ್ತು ರುಚಿ. ಹೋಟೆಲಿನ ಕಾಫಿಯ ದಪ್ಪ ಬಣ್ಣ ಅದರಿಂದ ಬರುತ್ತದೆ, ಒಡೆಯದಿರುವ ಖಾತರಿ ಬರುವುದಿಲ್ಲ. ನೀರು ಬೆರೆಸಿದ ಹಾಲಿನಲ್ಲಿ ಮಾತ್ರ ಎಲ್ಲವೂ ಕಡಿಮೆಯಾಗುವುದರಿಂದ ತಡೆಯುವ ಶಕ್ತಿಯೂ ಇಳಿಯುತ್ತದೆ.

ಡಿಕಾಕ್ಷನ್ನಿನ ವಯಸ್ಸು ಕೂಡ ಲೆಕ್ಕಕ್ಕೆ ಬರುತ್ತದೆ. ಕಾಫಿಯನ್ನು ಬಿಸಿಯಲ್ಲಿ ಹೊತ್ತುಗಟ್ಟಲೆ ಇಟ್ಟರೆ ಅದರಲ್ಲಿನ ಕೆಲವು ಸಂಯುಕ್ತಗಳು ನೀರಿನೊಡನೆ ವರ್ತಿಸಿ ಮತ್ತೆ ಆಮ್ಲಗಳಾಗುತ್ತವೆ, ಪಿಎಚ್ ಇನ್ನಷ್ಟು ಇಳಿಯುತ್ತದೆ. ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ ಸಂಜೆಗೆ ಹುಳಿ ಹುಳಿಯಾಗಿ ರುಚಿಸುವುದು ನಾಲಿಗೆಯ ಭ್ರಮೆಯಲ್ಲ. ಹದವಾಗಿ ತಿಳಿ ಹುರಿದ ಅರೇಬಿಕಾ ಹೆಚ್ಚು ಹುಳಿ. ಕಪ್ಪಾಗಿ ಹುರಿದದ್ದು ಮತ್ತು ರೋಬಸ್ಟಾ ಅಷ್ಟಿಲ್ಲ. ಹೊಸ ಬಗೆಯ ಕೆಫೆಗಳಲ್ಲಿ ಚಿಕ್ಕಮಗಳೂರಿನ ತಿಳಿ ಹುರಿದ ಅರೇಬಿಕಾಕ್ಕೆ ಸಸ್ಯಹಾಲು ಬೆರೆಸಿದಾಗ ತೊಂದರೆ ಹೆಚ್ಚು ಕಾಣಿಸುವುದಕ್ಕೂ, ರೋಬಸ್ಟಾ ಮತ್ತು ಚಿಕೋರಿ ಬೆರೆತ ಮನೆಯ ಪುಡಿಯಲ್ಲಿ ಕಡಿಮೆ ಕಾಣಿಸುವುದಕ್ಕೂ ಇದು ಒಂದು ಕಾರಣ.

ಸೋಯಾ: ಒಂದು ಲೋಟದ ಲೆಕ್ಕ

ಸಸ್ಯಹಾಲುಗಳಲ್ಲಿ ಪ್ರೋಟೀನಿನ ಪ್ರಮಾಣದಲ್ಲಿ ಹಸುವಿನ ಹಾಲಿಗೆ ಹತ್ತಿರ ಬರುವುದು ಸೋಯಾ. 100 ಮಿಲಿಲೀಟರಿಗೆ ಸುಮಾರು 3 ಗ್ರಾಂ. ನೊರೆ ಬರುವುದಕ್ಕೂ ಬಾಯಿಗೆ ತುಂಬುವುದಕ್ಕೂ ಈ ಪ್ರೋಟೀನೇ ಕಾರಣ, ಒಡೆಯುವುದಕ್ಕೂ ಅದೇ. ಸೋಯಾದ ಮುಖ್ಯ ಪ್ರೋಟೀನುಗಳು ಗ್ಲೈಸಿನಿನ್ ಮತ್ತು ಬೀಟಾ ಕಾಂಗ್ಲೈಸಿನಿನ್. ಇವಕ್ಕೆ ಕೇಸೀನಿನ ಉಂಡೆಗಳಿಗಿರುವ ಕೂದಲಿನ ಕಾವಲು ಇಲ್ಲ. ಹಾಲು ತಯಾರಿಸುವಾಗಲೇ ಕಾಯಿಸಿರುವುದರಿಂದ ಮಡಿಕೆಗಳು ಬಿಚ್ಚಿಕೊಂಡು, ಅಂಟುವ ಭಾಗಗಳು ಹೊರಮುಖವಾಗಿರುತ್ತವೆ. ಪಿಎಚ್ 6ರ ಕೆಳಗೆ ಇಳಿಯುತ್ತ ಬಂದಂತೆ, ಅದರಲ್ಲೂ ಬಿಸಿಯಲ್ಲಿ, ಅವು ಗುಂಪುಗೂಡತೊಡಗುತ್ತವೆ.

ಹುಳಿಯ ಜೊತೆಗೆ ಎರಡನೆಯ ಕಾರಣ ಕ್ಯಾಲ್ಸಿಯಂ. ಋಣ ವಿದ್ಯುದಂಶ ಹೊತ್ತ ಎರಡು ಪ್ರೋಟೀನುಗಳ ನಡುವೆ ಎರಡು ಧನ ವಿದ್ಯುದಂಶವಿರುವ ಕ್ಯಾಲ್ಸಿಯಂ ಬಂದು ಕೂತರೆ ಅದು ಎರಡನ್ನೂ ಹಿಡಿದಿಡುತ್ತದೆ. ಜಪಾನು, ಚೀನಾಗಳಲ್ಲಿ ತೋಫು ಮಾಡುವುದೇ ಹೀಗೆ: ಬಿಸಿ ಸೋಯಾ ಹಾಲಿಗೆ ಜಿಪ್ಸಮ್ ಅಥವಾ ನಿಗರಿ ಎಂಬ, ಮೆಗ್ನೀಸಿಯಂ ಕ್ಲೋರೈಡು ಹೆಚ್ಚಿರುವ ಸಮುದ್ರದ ಉಪ್ಪಿನ ದ್ರವವನ್ನು ಹಾಕಿ ಒಡೆಸಿ ಒತ್ತುತ್ತಾರೆ. ಮೂಳೆಗೆ ಒಳ್ಳೆಯದೆಂದು ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲನ್ನು ಹುಳಿ ಕಾಫಿಗೆ ಸುರಿದರೆ ಲೋಟದಲ್ಲಿ ನಡೆಯುವುದು ಹೆಚ್ಚು ಕಡಿಮೆ ಅದೇ ಕ್ರಿಯೆ. ಸೇರಿಸಿದ್ದು ಕ್ಯಾಲ್ಸಿಯಂ ಕಾರ್ಬೊನೇಟಾಗಿದ್ದರೆ ಪೊಟ್ಟಣದಲ್ಲಿ ಅದು ಕರಗದ ಪುಡಿಯಾಗಿ ತಳದಲ್ಲಿರುತ್ತದೆ. ಆಮ್ಲ ತಾಗಿದಾಗ ಕರಗಿ ಬಿಡಿ ಕ್ಯಾಲ್ಸಿಯಂ ಆಗುತ್ತದೆ. ಒಂದೇ ಕಂಪನಿಯ ಸಾದಾ ಸೋಯಾ ಹಾಲು ನಿಂತು, ಕ್ಯಾಲ್ಸಿಯಂ ಸೇರಿಸಿದ್ದು ಒಡೆದರೆ ಆಶ್ಚರ್ಯಪಡಬೇಕಾಗಿಲ್ಲ.

ಪ್ರಮಾಣದ ಪಾತ್ರವನ್ನು ಎರಡು ಲೋಟಗಳ ಲೆಕ್ಕದಿಂದ ನೋಡಬಹುದು. ಮೊದಲನೆಯದು ವಿದೇಶಿ ಬಗೆಯ ಕರಿ ಕಾಫಿ: 9 ಗ್ರಾಂ ಪುಡಿಯಿಂದ ಇಳಿಸಿದ 150 ಮಿಲಿಲೀಟರು, ಸುಮಾರು 90 ಡಿಗ್ರಿ ಬಿಸಿ. ಅದಕ್ಕೆ ಫ್ರಿಜ್ಜಿನಿಂದ ತೆಗೆದ 30 ಮಿಲಿಲೀಟರು ಸೋಯಾ. ಎರಡನೆಯದು ನಮ್ಮ ಫಿಲ್ಟರ್ ಕಾಫಿ: 20 ಗ್ರಾಂ ಪುಡಿಗೆ 100 ಮಿಲಿಲೀಟರಿನಂತೆ ಇಳಿದ ಡಿಕಾಕ್ಷನ್ನಿನಲ್ಲಿ 40 ಮಿಲಿಲೀಟರು, ಅದಕ್ಕೆ 120 ಮಿಲಿಲೀಟರು ಸೋಯಾ. ಡಿಕಾಕ್ಷನ್ ಗಟ್ಟಿ, ಆದ್ದರಿಂದ ಎರಡನೆಯ ಲೋಟದಲ್ಲೇ ಹುಳಿ ಹೆಚ್ಚಿರಬೇಕು ಎಂದು ಮೊದಲು ಅನಿಸುತ್ತದೆ. ಆದರೆ ಆ 40 ಮಿಲಿಲೀಟರಿನಲ್ಲಿ ಇರುವುದು 8 ಗ್ರಾಂ ಪುಡಿಯ ಸಾರ. ಅಂದರೆ ಎರಡೂ ಲೋಟಗಳಿಗೆ ಬಂದ ಕಾಫಿಯ ಆಮ್ಲ ಹತ್ತಿರ ಹತ್ತಿರ ಒಂದೇ. ಚಿಕೋರಿ ಇದ್ದರೆ ಕಾಫಿಯ ಪಾಲು ಎರಡನೆಯದರಲ್ಲಿ ಇನ್ನೂ ಕಡಿಮೆ. ಅಷ್ಟೇ ಆಮ್ಲವನ್ನು ಮೊದಲ ಲೋಟದಲ್ಲಿ 30 ಮಿಲಿಲೀಟರು ಸೋಯಾ ತಡೆಯಬೇಕು, ಎರಡನೆಯದರಲ್ಲಿ 120. ಪ್ರತಿ ಮಿಲಿಲೀಟರು ಹಾಲಿನ ಮೇಲೆ ಬೀಳುವ ಹುಳಿಯ ಹೊರೆ ಮೊದಲನೆಯದರಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು. ಕರಿ ಕಾಫಿಗೆ ಒಂದು ಚಮಚ ಸೋಯಾ ಹಾಕಿದವರ ಲೋಟ ಒಡೆದು, ಅದೇ ಪೊಟ್ಟಣದಿಂದ ಮುಕ್ಕಾಲು ಲೋಟ ಹಾಕಿದವರದು ನಯವಾಗಿರುವುದರ ಗುಟ್ಟು ಇದು.

ಇದರ ಮೇಲೆ ಸುರಿಯುವ ಕ್ರಮ. ಕರಿ ಕಾಫಿಗೆ ಸೋಯಾ ಸುರಿದಾಗ ಮೊದಲ ಹನಿಗಳು ಇಡೀ ಲೋಟದ ಹುಳಿ ಮತ್ತು ಬಿಸಿಯನ್ನು ಒಂಟಿಯಾಗಿ ಎದುರಿಸುತ್ತವೆ. ಅಲ್ಲೇ ಗಂಟು ಹುಟ್ಟುತ್ತದೆ, ಒಮ್ಮೆ ಹುಟ್ಟಿದ್ದು ಆಮೇಲೆ ಎಷ್ಟು ಹಾಲು ಹಾಕಿದರೂ ಕರಗುವುದಿಲ್ಲ. ತಿರುಗಿಸಿ ಮಾಡಿದರೆ, ಬೆಚ್ಚಗಿನ ಸೋಯಾದ ಮೇಲೆ ಡಿಕಾಕ್ಷನ್ನನ್ನು ನೂಲಿನಂತೆ ಸುರಿದು ಕಲಕಿದರೆ, ಹುಳಿ ಸ್ವಲ್ಪ ಸ್ವಲ್ಪವಾಗಿ ಬಂದು ಹಂಚಿಹೋಗುತ್ತದೆ. ಸೋಯಾವನ್ನು ಕುದಿಸಬಾರದು, 60ರಿಂದ 65 ಡಿಗ್ರಿ ಸಾಕು, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವ ಮೊದಲೇ ಇಳಿಸಿದರೆ ಸರಿಯಾಗುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಹಾಲು ಎಂದ ಮೇಲೆ ಉಕ್ಕಿಸಲೇಬೇಕು ಎಂಬ ಅಭ್ಯಾಸವಿದೆ. ಪೊಟ್ಟಣದ ಸೋಯಾಕ್ಕೆ ಅದು ಬೇಕಿಲ್ಲ, ಕಾರ್ಖಾನೆಯಲ್ಲೇ ಕಾಯಿಸಿ ತುಂಬಿರುತ್ತಾರೆ. ಮನೆಯಲ್ಲಿ ಕಾಳು ನೆನೆಸಿ ರುಬ್ಬಿದ ಸೋಯಾ ಹಾಲನ್ನಾದರೆ ಚೆನ್ನಾಗಿ ಕುದಿಸಲೇಬೇಕು, ಇಲ್ಲವಾದರೆ ಜೀರ್ಣಕ್ಕೆ ಅಡ್ಡಿಯಾಗುವ ಅಂಶಗಳು ಉಳಿದುಕೊಳ್ಳುತ್ತವೆ; ಕುದಿಸಿ, ಆರಿಸಿ, ಕಾಫಿಗೆ ಬೇಕಾದಾಗ ಮತ್ತೆ ಬೆಚ್ಚಗೆ ಮಾಡಿಕೊಳ್ಳುವುದು ಒಳ್ಳೆಯದು.

ಬರಿಸ್ಟಾ ಎಂಬ ಹೆಸರಿನಲ್ಲಿ ಮಾರುವ ಸಸ್ಯಹಾಲುಗಳ ಬೆಲೆ ಹೆಚ್ಚು. ಆ ಹೆಚ್ಚಿನ ಹಣಕ್ಕೆ ಸಿಗುವುದು ಮುಖ್ಯವಾಗಿ ಒಂದು ಲವಣ: ಡೈಪೊಟ್ಯಾಸಿಯಂ ಫಾಸ್ಫೇಟ್. ಪೊಟ್ಟಣದ ಹಿಂಬದಿಯ ಪಟ್ಟಿಯಲ್ಲಿ ಅದು ಆಮ್ಲೀಯತೆ ನಿಯಂತ್ರಕ 340 ಎಂದು ಇರುತ್ತದೆ. ಅದು ಬಂದ ಆಮ್ಲವನ್ನು ಹೀರುತ್ತದೆ, ಬಿಡಿ ಕ್ಯಾಲ್ಸಿಯಮ್ಮನ್ನೂ ಕಟ್ಟಿಹಾಕುತ್ತದೆ, ಎರಡೂ ಕಾರಣಗಳಿಗೆ ಒಂದೇ ಮದ್ದು. ಸಿಟ್ರೇಟು (331) ಇದೇ ಕೆಲಸ ಮಾಡುತ್ತದೆ. ಜೆಲ್ಲಾನ್ ಗೋಂದು (418) ಕಣಗಳು ತಳಕ್ಕೆ ಇಳಿಯದಂತೆ ತಡೆಯುತ್ತದೆಯೇ ಹೊರತು ಒಡೆಯುವುದನ್ನು ನಿಲ್ಲಿಸುವುದಿಲ್ಲ. ಹೀಗಾಗಿ ಹೆಸರಿಗಿಂತ ಹಿಂಬದಿಯ ಪಟ್ಟಿಯನ್ನು ನಂಬುವುದು ಲೇಸು. ಭಾರತದಲ್ಲಿ ಸಸ್ಯಮೂಲದ ಪೇಯಗಳ ಮೇಲೆ ಹಾಲು ಎಂದು ಬರೆಯಲು ಅನುಮತಿ ಇಲ್ಲದ್ದರಿಂದ ಅಂಗಡಿಯಲ್ಲಿ ಹುಡುಕಬೇಕಾದದ್ದು ಸೋಯಾ ಬೆವರೇಜ್, ಓಟ್ ಡ್ರಿಂಕ್ ಎಂಬ ಮಾತುಗಳನ್ನು. ತೆಂಗಿನಹಾಲಿಗೆ ಮಾತ್ರ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಓಟ್ಸ್, ಬಾದಾಮಿ, ತೆಂಗು

ಓಟ್ಸ್ ಪೇಯ ಕಾಫಿಯಲ್ಲಿ ಅಪರೂಪಕ್ಕೆ ಒಡೆಯುತ್ತದೆ. ಅದರ ಪ್ರೋಟೀನು ಹುಳಿಗೆ ಜಗ್ಗದ್ದು ಎಂದಲ್ಲ, ಅದು ಇರುವುದೇ 100 ಮಿಲಿಲೀಟರಿಗೆ ಸುಮಾರು 1 ಗ್ರಾಂ. ಗಂಟಾದರೂ ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಓಟ್ಸಿನ ಕಷ್ಟ ಪಿಷ್ಟದ್ದು. ಮನೆಯಲ್ಲಿ ಓಟ್ಸ್ ರುಬ್ಬಿ ಸೋಸಿ ಕಾಯಿಸಿದರೆ ಅದು ಗಂಜಿಯಾಗುತ್ತದೆ, ಕಾಫಿ ಲೋಳೆಲೋಳೆಯಾಗುತ್ತದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಓಸ್ಟೆ 1990ರ ದಶಕದ ಆರಂಭದಲ್ಲಿ ಕಿಣ್ವಗಳಿಂದ ಓಟ್ಸಿನ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆಯುವ ವಿಧಾನವನ್ನು ರೂಪಿಸಿದರು. ಓಟ್ಲಿ ಎಂಬ ಕಂಪನಿ ಬೆಳೆದದ್ದು ಅದರ ಮೇಲೆ. ಸಕ್ಕರೆ ಸೇರಿಸದ ಓಟ್ಸ್ ಪೇಯವೂ ಸಿಹಿಯಾಗಿರುವುದು ಈ ಮಾಲ್ಟೋಸಿನಿಂದ. ಮಧುಮೇಹವಿರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಫೆಗಾಗಿ ಮಾಡಿದ ಬಗೆಗಳಲ್ಲಿ ಎಣ್ಣೆ ಸೇರಿಸಿರುತ್ತಾರೆ. ಹಾಲಿನ ಕಾಫಿಯ ಮೈ ಬೇಕು, ತಲೆನೋವು ಬೇಡ ಎನ್ನುವವರಿಗೆ ಸಸ್ಯಹಾಲುಗಳಲ್ಲಿ ಇದೇ ಸುಲಭದ ಆಯ್ಕೆ.

ಬಾದಾಮಿ ಪೇಯದಲ್ಲಿ ಬಾದಾಮಿಯೇ ಕಡಿಮೆ, ನೂರಕ್ಕೆ ಎರಡು ಮೂರು ಪಾಲು ಇರುವುದು ಸಾಮಾನ್ಯ. ಪ್ರೋಟೀನು ಅರ್ಧ ಗ್ರಾಮಿನ ಆಸುಪಾಸು. ಇಷ್ಟು ತೆಳುವಾದದ್ದಕ್ಕೆ ಹುಳಿಯನ್ನು ಹೀರುವ ಬಲವಿಲ್ಲ, ಹೀಗಾಗಿ ಪಿಎಚ್ ಬೇಗ ಇಳಿದು ಸಣ್ಣ ರವೆಯಂಥ ಚೂರುಗಳಾಗಿ ಒಡೆಯುತ್ತದೆ. ಮನೆಯಲ್ಲಿ ರುಬ್ಬಿದ ಬಾದಾಮಿ ಹಾಲು ಬಿಸಿ ಕಾಫಿಯಲ್ಲಿ ಒಡೆಯದಿದ್ದರೇ ವಿಶೇಷ. ತಣ್ಣಗಿನ ಕಾಫಿಗೆ ಅದು ಒಪ್ಪುತ್ತದೆ.

ತೆಂಗಿನಹಾಲು ಕರಾವಳಿಯ ಅಡುಗೆಯಲ್ಲಿ ಎಲ್ಲರಿಗೂ ಪರಿಚಿತ, ಅದು ಒಡೆಯುವ ಬಗೆಯೂ ಪರಿಚಿತ. ಇಲ್ಲಿ ಸಮಸ್ಯೆ ಎಣ್ಣೆಯದು. ಕೊಬ್ಬಿನ ಹನಿಗಳನ್ನು ಸುತ್ತುವರಿದ ತೆಳು ಪ್ರೋಟೀನ್ ಪೊರೆ ಸುಮಾರು 80 ಡಿಗ್ರಿಯ ಬಿಸಿಗೆ ಕೆಟ್ಟು, ಹನಿಗಳು ಕೂಡಿಕೊಂಡು ಎಣ್ಣೆಯಾಗಿ ಮೇಲೆ ತೇಲುತ್ತವೆ. ಗಟ್ಟಿಹಾಲನ್ನು ಸಾರಿಗೆ ಕೊನೆಯಲ್ಲಿ ಹಾಕಿ, ಕುದಿಸದೆ ಇಳಿಸುವ ಕ್ರಮ ಕಾಫಿಗೂ ಹೊಂದುತ್ತದೆ. ತೆಂಗಿನ ಪರಿಮಳ ಕಾಫಿಯದನ್ನು ಮುಚ್ಚಿಹಾಕುತ್ತದೆ ಎಂಬ ದೂರಿಗೆ ಮಾತ್ರ ಪರಿಹಾರವಿಲ್ಲ.

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದ ಕಾರಣಕ್ಕೆ ಸಸ್ಯಹಾಲಿನತ್ತ ಹೋಗುವವರು ಲ್ಯಾಕ್ಟೋಸ್ ಮುಕ್ತ ಹಸುವಿನ ಹಾಲನ್ನೂ ನೋಡಬಹುದು. ಲ್ಯಾಕ್ಟೇಸ್ ಕಿಣ್ವ ಹಾಕಿ ಸಕ್ಕರೆಯನ್ನು ಮೊದಲೇ ಒಡೆದಿರುತ್ತಾರೆ. ತುಸು ಸಿಹಿ, ಕಾಫಿಯಲ್ಲಿ ವರ್ತನೆ ಸಾದಾ ಹಾಲಿನಂತೆಯೇ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರಿಗೆ ಇದು ಸಲ್ಲದು.

ಲೋಟದಲ್ಲಿ ಕಂಡದ್ದು ಏನು?

ಮೇಲೆ ತೇಲುವ ಬಿಳಿಯೆಲ್ಲ ಒಡೆದ ಹಾಲಲ್ಲ. ಕಾಯಿಸಿದ ಹಾಲಿನ ಕೆನೆಯ ತುಣುಕು ತೆಳು ಹಾಳೆಯಂತೆ ಇರುತ್ತದೆ, ಚಮಚಕ್ಕೆ ಅಂಟುತ್ತದೆ, ಸುತ್ತಲ ಕಾಫಿ ನಯವಾಗಿಯೇ ಉಳಿದಿರುತ್ತದೆ. ಒಡೆದದ್ದಾದರೆ ಚೂರುಗಳು ಲೋಟದ ತುಂಬ ಹರಡಿರುತ್ತವೆ, ಬೆರಳಲ್ಲಿ ಒತ್ತಿದರೆ ಪನೀರಿನಂತೆ ಮೆತ್ತಗೆ ಜಗ್ಗುತ್ತವೆ. ಮೂರನೆಯದೊಂದು ಬಗೆ ಹೆಚ್ಚು ಮೋಸ ಮಾಡುತ್ತದೆ. ಪಾಶ್ಚರೀಕರಿಸಿದ ಹಾಲಿನಲ್ಲೂ ಬೆಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬದುಕಿ ಉಳಿಯಬಹುದು. ಪೊಟ್ಟಣ ಸರಿಯಾಗಿ ತಂಪಿನಲ್ಲಿ ಇಲ್ಲದಿದ್ದರೆ ಅವು ಮೊಳೆತು, ಕೊಬ್ಬಿನ ಹನಿಗಳ ಪೊರೆಯನ್ನು ಹರಿಯುವ ಕಿಣ್ವವನ್ನು ಬಿಡುತ್ತವೆ. ಆಗ ಕಾಫಿಯ ಮೇಲೆ ಬೆಣ್ಣೆಯಂಥ ಚೂರುಗಳು ಕಾಣಿಸಿ, ಕಲಕಿದಾಗ ಕರಗಿ ಎಣ್ಣೆಯ ಕಣ್ಣುಗಳಾಗುತ್ತವೆ. ಅದೇ ಬ್ಯಾಕ್ಟೀರಿಯಾ ಪ್ರೋಟೀನನ್ನೂ ಕತ್ತರಿಸಬಲ್ಲದು. ಹಾಲು ಹುಳಿ ಬಾರದೆಯೇ ಒಡೆಯುತ್ತದೆ. ಮೂಸಿ ನೋಡಿದೆ, ಚೆನ್ನಾಗಿಯೇ ಇತ್ತು, ಆದರೂ ಒಡೆಯಿತು ಎನ್ನುವವರ ಮಾತು ಸುಳ್ಳಲ್ಲ. ಎರಡೂ ಸಂದರ್ಭಗಳಲ್ಲಿ ಆ ಹಾಲನ್ನು ಬಳಸಬಾರದು. ಹೊಸ ಪೊಟ್ಟಣದ ಸೋಯಾ ಕಾಫಿಯಲ್ಲಿ ಒಡೆದಿದ್ದರೆ ಕುಡಿಯಲು ಹಿತವಿಲ್ಲದಿರಬಹುದು, ಅಪಾಯವಿಲ್ಲ.

ಕಾಫಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹುಳಿ ತಗ್ಗಿ ಸೋಯಾ ನಿಲ್ಲುತ್ತದೆ. ತುದಿಬೆರಳಲ್ಲಿ ಹಿಡಿಯುವಷ್ಟು ಮಾತ್ರ. ಮೀರಿದರೆ ಕಾಫಿ ಸೋಪಿನ ರುಚಿಗೆ ತಿರುಗುತ್ತದೆ. ಹುಳಿಗೆ ತಿರುಗುತ್ತಿರುವ ಹಸುವಿನ ಹಾಲಿಗೆ ಸೋಡಾ ಹಾಕಿ ಉಳಿಸಿಕೊಳ್ಳುವುದು ಬೇರೆಯ ಮಾತು. ಅದು ಕೆಡುವುದನ್ನು ನಿಲ್ಲಿಸುವುದಿಲ್ಲ, ಕೆಟ್ಟದ್ದನ್ನು ಮರೆಮಾಡುತ್ತದೆ. ಮಾರುವ ಹಾಲಿಗೆ ಹಾಗೆ ಹಾಕುವುದು ಕಲಬೆರಕೆ.

ಬೆಲ್ಲದ ಕಾಫಿ

ಕೊಡಗು, ಮಲೆನಾಡುಗಳ ಬೆಲ್ಲದ ಕಾಫಿಯನ್ನು ಹಾಲಿಲ್ಲದೆ ಕುಡಿಯುವುದೂ ವಾಡಿಕೆ. ಹಾಲು ಹಾಕುವವರಿಗೆ ಒಡೆಯುವ ಭಯ ಯಾವಾಗಲೂ ಇದ್ದದ್ದೇ. ಬೆಲ್ಲದಲ್ಲಿ ತನ್ನದೇ ಆಮ್ಲಗಳಿವೆ, ಖನಿಜಗಳಿವೆ. ಕಬ್ಬಿನ ಹಾಲಿನ ಹುಳಿ ಮುರಿಯಲು ಆಲೆಮನೆಯಲ್ಲಿ ಹಾಕುವ ಸುಣ್ಣದಿಂದ ಕ್ಯಾಲ್ಸಿಯಂ ಕೂಡ ಬಂದಿರುತ್ತದೆ. ಹಳೆಯದಾಗಿ ತೇವ ಹಿಡಿದು ಒಸರುವ ಬೆಲ್ಲ ಇನ್ನಷ್ಟು ಹುಳಿ. ಇದನ್ನು ಹಾಲಿನ ಜೊತೆಗೇ ಒಲೆಯ ಮೇಲಿಟ್ಟು ಕುದಿಸಿದರೆ ಹುಳಿ, ಕ್ಯಾಲ್ಸಿಯಂ, ಬಿಸಿ ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ. ಬೆಲ್ಲವನ್ನು ನೀರಿನಲ್ಲಿ ಕುದಿಸಿ, ಸೋಸಿ, ಪುಡಿ ಹಾಕಿ ಡಿಕಾಕ್ಷನ್ ಮಾಡಿಕೊಂಡು, ಒಲೆ ಆರಿಸಿ ಒಂದೆರಡು ನಿಮಿಷ ಬಿಟ್ಟು, ಬೇರೆಯಾಗಿ ಕಾಯಿಸಿಟ್ಟ ತಾಜಾ ಹಾಲಿಗೆ ಅದನ್ನು ಸ್ವಲ್ಪ ಸ್ವಲ್ಪವೇ ಸುರಿದರೆ ಸಾಮಾನ್ಯವಾಗಿ ಒಡೆಯುವುದಿಲ್ಲ. ಬೆರೆಸಿದ ಮೇಲೆ ಮತ್ತೆ ಬಿಸಿ ಮಾಡಬಾರದು. ಆರಿದ ಬೆಲ್ಲದ ಕಾಫಿಯನ್ನು ಎರಡನೆಯ ಸಲ ಒಲೆಗೆ ಇಟ್ಟಾಗಲೇ ಹೆಚ್ಚಿನ ಪಾತ್ರೆಗಳು ಒಡೆಯುವುದು. ಸೋಯಾಕ್ಕೆ ಬೆಲ್ಲ ಸೇರಿಸಬೇಕೆಂದರೆ ಹಾಲನ್ನು ಇನ್ನೂ ಹೆಚ್ಚು ಹಾಕಿ, ಕ್ಯಾಲ್ಸಿಯಂ ಸೇರಿಸದ ಬಗೆಯನ್ನೇ ಆರಿಸಿಕೊಳ್ಳಬೇಕು.